ಹಾಕಿದ ದುಡ್ಡು ಬಂಡವಾಳವೋ, ಸಾಲವೋ?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಮಾತಿನ ಬರಹ ರೂಪ)

ಇವತ್ತು ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಗೆಳತಿಯರು ಸೇರಿದ್ದೀರಿ. ಸೂರತ್‌ನವರಲ್ಲಿ ಕುರ್ತಿ, ಸೀರೆ ವ್ಯಾಪಾರ ಮಾಡುವವರಿದ್ದೀರಿ, ವಡೋದರಾದಲ್ಲಿ ಟಿಫನ್ ಸರ್ವಿಸ್ ನಡೆಸುವವರಿದ್ದೀರಿ, ಅಹಮದಾಬಾದ್‌ನಲ್ಲಿ ನನ್ನ ಹಾಗೆ ಸಾಫ್ಟ್‌ವೇರ್‌ನವರಿದ್ದೀರಿ. ನಾನು ಸಿಎ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಕಂಪನಿಗಳ ಲೆಕ್ಕಪತ್ರವನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸುವುದು ನನ್ನ ಕೆಲಸ. ಹಾಗಾಗಿ ಬೇರೆಯವರ ಲೆಡ್ಜರ್ ನೋಡುವುದೇ ನನ್ನ ದಿನಚರಿ. ಬಹಳ ಕಡೆ ಒಂದೇ ಜಾಗದಲ್ಲಿ ಗೊಂದಲ ಕಾಣಿಸುತ್ತದೆ: ಮಾಲೀಕರು ಕೈಯಿಂದ ಹಾಕಿದ ದುಡ್ಡನ್ನು ಯಾವ ತಲೆಬರಹದ ಕೆಳಗೆ ಬರೆಯಬೇಕು ಎನ್ನುವಲ್ಲಿ.

ಟ್ಯಾಲಿಯಲ್ಲಿ ಹೊಸ ಲೆಡ್ಜರ್ ತೆರೆದಾಗ ಅದು ಯಾವ ಗುಂಪಿಗೆ ಸೇರಬೇಕು ಎಂದು ಕೇಳುತ್ತದೆ. `Capital Account` ಎಂದು ಆರಿಸಬಹುದು, ಇಲ್ಲವೇ `Loans (Liability)` ಒಳಗಿನ `Unsecured Loans` ಎಂದು ಆರಿಸಬಹುದು. ಆರಿಸುವುದು ಎರಡು ಸೆಕೆಂಡಿನ ಕೆಲಸ. ಆದರೆ ಆ ದುಡ್ಡು ಮುಂದೆ ಹೇಗೆ ವಾಪಸು ಬರಬೇಕು, ಯಾರು ಎಷ್ಟು ತೆರಿಗೆ ಕಟ್ಟಬೇಕು ಎನ್ನುವುದಕ್ಕೆ ಅಲ್ಲೇ ತಳಪಾಯ ಬೀಳುತ್ತದೆ.

1981ರಲ್ಲಿ ಇನ್ಫೋಸಿಸ್ ಶುರುವಾಗುವಾಗ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ 10,000 ರೂಪಾಯಿ ಕೊಟ್ಟ ವಿಷಯ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದನ್ನು ಕೇಳಿದಾಗಲೆಲ್ಲ ನನಗೆ ಲೆಕ್ಕದವಳ ತಲೆಹರಟೆಯೊಂದು ಹೊಳೆಯುತ್ತದೆ. ಅಂಥ 10,000 ಸಾಲದ ಲೆಕ್ಕದಲ್ಲಿ ಕೂತರೆ ಕೊಟ್ಟವರಿಗೆ ಬರಬೇಕಾದದ್ದು 10,000 ಮತ್ತು ಒಪ್ಪಿದ ಬಡ್ಡಿ, ಅಷ್ಟೇ. ಕಂಪನಿ ಎಷ್ಟೇ ಬೆಳೆದರೂ ಅದರ ಮೇಲೆ ಒಂದು ಪೈಸೆ ಹೆಚ್ಚಿಲ್ಲ. ಅದೇ ದುಡ್ಡು ಷೇರಿನ ಲೆಕ್ಕದಲ್ಲಿ ಕೂತರೆ ಕಂಪನಿ ಬೆಳೆದಷ್ಟೂ ಅದೂ ಬೆಳೆಯುತ್ತದೆ, ಮುಳುಗಿದರೆ ಜೊತೆಗೇ ಮುಳುಗುತ್ತದೆ. ನೋಟು ಒಂದೇ, ಹಣೆಬರಹ ಬೇರೆ.

ಮೊದಲು ಒಬ್ಬರೇ ನಡೆಸುವ ವ್ಯಾಪಾರ ನೋಡೋಣ. ಪ್ರೊಪ್ರೈಟರಿ ವ್ಯಾಪಾರದಲ್ಲಿ ನೀವು ಬೇರೆ, ಅಂಗಡಿ ಬೇರೆ ಅಲ್ಲ. ನಿಮ್ಮ ಪ್ಯಾನ್ ಕಾರ್ಡೇ ಅಂಗಡಿಯ ಪ್ಯಾನ್. ನಿಮಗೆ ನೀವೇ ಸಾಲ ಕೊಡಲು ಆಗುವುದಿಲ್ಲ, ಆದ್ದರಿಂದ ನೀವು ಹಾಕಿದ್ದೆಲ್ಲ ಬಂಡವಾಳ. ಅದರ ಮೇಲೆ ಬಡ್ಡಿ ಬರೆದುಕೊಂಡರೂ ಖರ್ಚೆಂದು ಒಪ್ಪುವುದಿಲ್ಲ. ತೆಗೆದುಕೊಂಡರೆ ಡ್ರಾಯಿಂಗ್ಸ್, ಅದಕ್ಕೆ ತೆರಿಗೆಯಿಲ್ಲ. ಇಷ್ಟೇ ಆಗಿದ್ದರೆ ಮುಂದಕ್ಕೆ ಹೋಗಬಹುದಿತ್ತು. ಆದರೆ ನಮ್ಮ ಮನೆಗಳಲ್ಲಿ ಆ ದುಡ್ಡು ಪೂರ್ತಿ ನಮ್ಮದೇ ಆಗಿರುವುದಿಲ್ಲ. ಸ್ವಲ್ಪ ಯಜಮಾನರದು, ಸ್ವಲ್ಪ ಅತ್ತೆಯವರದು, ಸ್ವಲ್ಪ ತವರಿನದು.

ಯಜಮಾನರು ಕೊಟ್ಟ ದುಡ್ಡು ಉಡುಗೊರೆಯಾದರೆ ಅದನ್ನು ಪಡೆದದ್ದಕ್ಕೆ ನಿಮಗೆ ತೆರಿಗೆ ಇಲ್ಲ. ಆದರೆ ಆ ದುಡ್ಡು ವ್ಯಾಪಾರದಲ್ಲಿ ದುಡಿದ ಲಾಭ ಅವರ ಆದಾಯಕ್ಕೆ ಸೇರುತ್ತದೆ. ಇದು ಆದಾಯ ತೆರಿಗೆಯ 64ನೇ ಸೆಕ್ಷನ್. (ನಾನು ಹೇಳುವ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಯ 2025ರ ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ.) ಲೆಕ್ಕ ಹೀಗಿದೆ. ಆರ್ಥಿಕ ವರ್ಷದ ಮೊದಲ ದಿನ ನಿಮ್ಮ ವ್ಯಾಪಾರದಲ್ಲಿ 8 ಲಕ್ಷ ಬಂಡವಾಳವಿದೆ, ಅದರಲ್ಲಿ 2 ಲಕ್ಷ ಯಜಮಾನರ ಉಡುಗೊರೆ ಎಂದುಕೊಳ್ಳಿ. ಅಂದರೆ ನಾಲ್ಕನೇ ಒಂದು ಭಾಗ. ಆ ವರ್ಷ 4 ಲಕ್ಷ ಲಾಭ ಬಂದರೆ ಅದರ ನಾಲ್ಕನೇ ಒಂದು ಭಾಗ, 1 ಲಕ್ಷ, ಅವರ ರಿಟರ್ನ್‌ನಲ್ಲಿ ತೋರಿಸಬೇಕು. ಬೆವರು ಪೂರ್ತಿ ನಿಮ್ಮದೇ ಆಗಿದ್ದರೂ ಹಾಗೆಯೇ.

ಅದೇ 2 ಲಕ್ಷವನ್ನು ಅವರು ನಿಜವಾದ ಸಾಲವಾಗಿ ಕೊಟ್ಟಿದ್ದರೆ? ಬ್ಯಾಂಕ್ ಮೂಲಕ ಬಂದಿದೆ, ಒಂದು ಪುಟದ ಪತ್ರವಿದೆ, ತೀರಿಸುತ್ತಲೂ ಇದ್ದೀರಿ ಎಂದರೆ ಅದು ನಿಮ್ಮ ಬಂಡವಾಳವಲ್ಲ, ಅವರಿಗೆ ಕೊಡಬೇಕಾದ ಬಾಕಿ. ಲಾಭ ಅವರ ಆದಾಯಕ್ಕೆ ಸೇರುವ ಪ್ರಶ್ನೆ ಬರುವುದಿಲ್ಲ. ಬಡ್ಡಿ ಕೊಟ್ಟರೆ ನಿಮಗೆ ಖರ್ಚು, ಅವರಿಗೆ ಆದಾಯ. ಕಾಗದದಲ್ಲಿ ಸಾಲ ಎಂದು ಬರೆದು ಹತ್ತು ವರ್ಷ ಒಂದು ರೂಪಾಯಿಯನ್ನೂ ತೀರಿಸದಿದ್ದರೆ ಮಾತ್ರ ಅದನ್ನು ಸಾಲ ಎಂದು ಯಾರೂ ನಂಬುವುದಿಲ್ಲ.

ತವರಿನ ದುಡ್ಡಿಗೆ ಈ ತೊಂದರೆ ಇಲ್ಲ. ಅಮ್ಮ ಮಗಳಿಗೆ ಕೊಟ್ಟ ಉಡುಗೊರೆಯಿಂದ ಬಂದ ಲಾಭ ಮಗಳದೇ. ಅತ್ತೆ ಸೊಸೆಗೆ ಕೊಟ್ಟರೆ ಅದರ ಲಾಭ ಅತ್ತೆಯ ಆದಾಯಕ್ಕೆ ಸೇರುತ್ತದೆ, ಯಜಮಾನರ ದುಡ್ಡಿಗೆ ಹೇಳಿದ ಅದೇ ಲೆಕ್ಕ. ಈ ಅತ್ತೆಯವರನ್ನು ನೆನಪಿಟ್ಟುಕೊಳ್ಳಿ, ಕಂಪನಿಯ ವಿಷಯದಲ್ಲಿ ಮತ್ತೆ ಬರುತ್ತಾರೆ.

ಪಾಲುದಾರಿಕೆ ಮತ್ತು ಎಲ್‌ಎಲ್‌ಪಿ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅಲ್ಲಿ ಪಾಲುದಾರರ ದುಡ್ಡು ಬಂಡವಾಳವಾದರೂ ಸಾಲವಾದರೂ ಒಪ್ಪಂದ ಪತ್ರದಲ್ಲಿ ಬರೆದಿದ್ದರೆ ವರ್ಷಕ್ಕೆ 12%ವರೆಗಿನ ಸರಳ ಬಡ್ಡಿಯನ್ನು ಖರ್ಚೆಂದು ತೋರಿಸಬಹುದು. ಪತ್ರದಲ್ಲಿ ಬಡ್ಡಿಯ ಮಾತೇ ಇಲ್ಲದಿದ್ದರೆ ಒಂದು ರೂಪಾಯಿಯೂ ಇಲ್ಲ. 2025ರ ಏಪ್ರಿಲ್‌ನಿಂದ ಪಾಲುದಾರರಿಗೆ ವರ್ಷಕ್ಕೆ 20,000 ದಾಟಿ ಸಂಬಳ, ಬಡ್ಡಿ ಕೊಟ್ಟರೆ 10% ಟಿಡಿಎಸ್ ಹಿಡಿಯಬೇಕು ಎನ್ನುವುದೊಂದು ಹೊಸದು.

ಎರಡರ ನಡುವಿನ ವ್ಯತ್ಯಾಸ ನಿಜವಾಗಿ ದೊಡ್ಡದಾಗುವುದು ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ. ಕಂಪನಿ ಕಾನೂನಿನ ಕಣ್ಣಲ್ಲಿ ಬೇರೆಯೇ ವ್ಯಕ್ತಿ. ನೀವೇ ಕಟ್ಟಿ ಬೆಳೆಸಿದರೂ ಅದರ ಪೆಟ್ಟಿಗೆಗೆ ಕೈ ಹಾಕಲು ನಿಮಗೊಂದು ಕಾರಣ ಬೇಕು. ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಸೂರತ್‌ನಲ್ಲಿ ನಮ್ಮ ಕನ್ನಡತಿಯೊಬ್ಬರು ಗುಜರಾತಿ ಗೆಳತಿಯ ಜೊತೆ ಡಿಜಿಟಲ್ ಪ್ರಿಂಟ್ ಕುರ್ತಿಗಳ ಕಂಪನಿ ಮಾಡುತ್ತಾರೆ ಎಂದುಕೊಳ್ಳಿ. ಇಬ್ಬರೂ ಡೈರೆಕ್ಟರ್‌ಗಳು. ಷೇರು ಬಂಡವಾಳ 1 ಲಕ್ಷ, ತಲಾ 50,000. ಬಟ್ಟೆ, ಪ್ರಿಂಟಿಂಗ್, ಬಾಡಿಗೆ ಅಡ್ವಾನ್ಸ್ ಎಂದು ಇನ್ನೂ 9 ಲಕ್ಷ ಬೇಕು. ಅದನ್ನು ನಮ್ಮವರೇ ಹಾಕುತ್ತಾರೆ.

ಇಲ್ಲಿ ಮೊದಲ ಎಡವು ದಿನಾಂಕದಲ್ಲಿದೆ. ಕಂಪನಿ ನೋಂದಣಿಯಾದ 180 ದಿನಗಳೊಳಗೆ, ಇಬ್ಬರೂ ಒಪ್ಪಿದ ಆ 50,000ಗಳು ಕಂಪನಿಯ ಖಾತೆಗೆ ಬಂದಿವೆ ಎಂದು `INC-20A` ಫಾರ್ಮ್ ಸಲ್ಲಿಸಬೇಕು. ಅದನ್ನು ಸಲ್ಲಿಸುವವರೆಗೆ ಕಂಪನಿ ವ್ಯಾಪಾರ ಶುರು ಮಾಡುವ ಹಾಗಿಲ್ಲ, ಸಾಲ ಪಡೆಯುವ ಹಾಗೂ ಇಲ್ಲ. ನಾನು ನೋಡಿದ ಲೆಡ್ಜರ್‌ಗಳಲ್ಲಿ ಡೈರೆಕ್ಟರ್ ಸಾಲ ಬಂದ ದಿನಾಂಕ ಇದಕ್ಕಿಂತ ಹಿಂದಿನದಾಗಿರುವುದು ಅಪರೂಪವಲ್ಲ. ಮೊದಲು ಷೇರಿನ ದುಡ್ಡು, ಆಮೇಲೆ ಫಾರ್ಮ್, ಆಮೇಲೆ ಸಾಲ. ಈ ಕ್ರಮ ತಪ್ಪಬಾರದು.

ಎರಡನೆಯದು, ಆ 9 ಲಕ್ಷ ಎಲ್ಲಿಂದ ಬಂತು ಎನ್ನುವುದು. ಕಂಪನಿಗಳು ಜನರಿಂದ ಠೇವಣಿ ಪಡೆಯುವುದಕ್ಕೆ ಕಠಿಣ ನಿಯಮಗಳಿವೆ. ಡೈರೆಕ್ಟರ್ ಕೊಟ್ಟ ಸಾಲವನ್ನು ಠೇವಣಿ ಎಂದು ಎಣಿಸುವುದಿಲ್ಲ, ಆದರೆ ಒಂದು ಷರತ್ತಿನ ಮೇಲೆ: "ಈ ದುಡ್ಡು ನಾನು ಬೇರೆ ಕಡೆ ಸಾಲ ಮಾಡಿ ತಂದದ್ದಲ್ಲ" ಎಂದು ದುಡ್ಡು ಕೊಡುವಾಗಲೇ ಲಿಖಿತವಾಗಿ ಹೇಳಬೇಕು. ಈಗ ಯೋಚಿಸಿ. ನಮ್ಮ ಹೆಣ್ಣುಮಕ್ಕಳು ತುರ್ತಿಗೆ ಮಾಡುವುದೇನು? ಬಳೆ, ಸರ ಒಯ್ದು ಗೋಲ್ಡ್ ಲೋನ್ ತೆಗೆಯುವುದು. ಆ ದುಡ್ಡನ್ನು ಕಂಪನಿಗೆ ಸಾಲವಾಗಿ ಕೊಟ್ಟರೆ ಈ ಪತ್ರಕ್ಕೆ ಸತ್ಯವಾಗಿ ಸಹಿ ಹಾಕಲು ಆಗುವುದಿಲ್ಲ. ಪರ್ಸನಲ್ ಲೋನ್, ಮನೆ ಅಡವಿಟ್ಟ ಸಾಲ ಎಲ್ಲದಕ್ಕೂ ಇದೇ ಮಾತು. ಷೇರು ಕೊಳ್ಳಲು ಇಂಥ ನಿರ್ಬಂಧವಿಲ್ಲ. ಚಿನ್ನ ಅಡವಿಟ್ಟ ದುಡ್ಡಾದರೆ ಷೇರಿಗೆ ಹಾಕಿ, ಉಳಿತಾಯದ ದುಡ್ಡಾದರೆ ಸಾಲವಾಗಿ ಕೊಡುವ ದಾರಿ ತೆರೆದಿದೆ ಎನ್ನುವುದು ನನ್ನ ಲೆಕ್ಕಾಚಾರ.

ಡೈರೆಕ್ಟರ್‌ನ ಹತ್ತಿರದ ಸಂಬಂಧಿಕರೂ ಪ್ರೈವೇಟ್ ಕಂಪನಿಗೆ ಇದೇ ರೀತಿ ಸಾಲ ಕೊಡಬಹುದು. ಗಂಡ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮ, ಅಕ್ಕತಂಗಿ ಎಲ್ಲರ ಹೆಸರೂ ಪಟ್ಟಿಯಲ್ಲಿದೆ. ಅತ್ತೆ, ಮಾವನ ಹೆಸರಿಲ್ಲ! ಸೊಸೆ ಅತ್ತೆಗೆ ಸಂಬಂಧಿ, ಅತ್ತೆ ಸೊಸೆಗೆ ಅಲ್ಲ. ಅಲ್ಲಿ ತೆರಿಗೆ ಕಾನೂನು ಅತ್ತೆಯನ್ನು ಸೊಸೆಗೆ ಗಂಟು ಹಾಕಿದರೆ ಇಲ್ಲಿ ಕಂಪನಿ ಕಾನೂನು ಮರೆತೇಬಿಟ್ಟಿದೆ. ಯಜಮಾನರೂ ಡೈರೆಕ್ಟರ್ ಆಗಿದ್ದರೆ ಅವರ ತಾಯಿ ಎಂಬ ನೆಲೆಯಲ್ಲಿ ಅತ್ತೆ ಸಾಲ ಕೊಡಬಹುದು. ಇಲ್ಲದಿದ್ದರೆ ಸಿಎಯವರನ್ನು ಕೇಳದೆ ಅವರಿಂದ ಕಂಪನಿಗೆ ನೇರವಾಗಿ ದುಡ್ಡು ಹಾಕಿಸಬೇಡಿ.

ಪತ್ರಗಳು ಹೆಚ್ಚೇನಿಲ್ಲ. ಸಾಲ ಪಡೆಯಲು ಬೋರ್ಡ್ ಸಭೆಯ ನಿರ್ಣಯ, ಈ ಘೋಷಣಾ ಪತ್ರ, ಬಡ್ಡಿ ಮತ್ತು ಮರುಪಾವತಿ ಬರೆದ ಒಂದು ಒಪ್ಪಂದ. ಜೊತೆಗೆ ಮಾರ್ಚ್ 31ಕ್ಕೆ ಎಷ್ಟು ಬಾಕಿ ಇದೆ ಎಂದು ಪ್ರತಿ ವರ್ಷ ಜೂನ್ 30ರೊಳಗೆ `DPT-3` ಫಾರ್ಮ್‌ನಲ್ಲಿ ತಿಳಿಸಬೇಕು. ಠೇವಣಿ ಅಲ್ಲದ ಸಾಲವನ್ನೂ ಅಲ್ಲಿ ತೋರಿಸಬೇಕೆನ್ನುವುದು ಹಲವರಿಗೆ ಗೊತ್ತಿರುವುದಿಲ್ಲ.

ಈಗ ತೆರಿಗೆಗೆ ಬರೋಣ. ಆ 9 ಲಕ್ಷಕ್ಕೆ ವರ್ಷಕ್ಕೆ 10% ಬಡ್ಡಿ ಎಂದರೆ 90,000. ಕಂಪನಿ ಲಾಭದಲ್ಲಿದೆ, ಅದರ ತೆರಿಗೆ ಸುಮಾರು 25%, ನಮ್ಮವರು 20% ಹಂತದಲ್ಲಿದ್ದಾರೆ ಎಂದುಕೊಳ್ಳಿ. ಸೆಸ್ ಬಿಟ್ಟು ಲೆಕ್ಕ ಹಾಕುತ್ತೇನೆ. ಬಡ್ಡಿ ಕಂಪನಿಗೆ ಖರ್ಚು, ಹಾಗಾಗಿ ಆ 90,000ದ ಮೇಲೆ ಕಂಪನಿ ತೆರಿಗೆ ಕಟ್ಟುವುದಿಲ್ಲ. ನಮ್ಮವರು 18,000 ಕಟ್ಟುತ್ತಾರೆ, ಕೈಗೆ 72,000 ಉಳಿಯುತ್ತದೆ. ಅದೇ 9 ಲಕ್ಷ ಷೇರಾಗಿದ್ದು, ಅಷ್ಟೇ ಲಾಭವನ್ನು ಡಿವಿಡೆಂಡ್ ಆಗಿ ಕೊಡಬೇಕಾದರೆ ಮೊದಲು ಕಂಪನಿ 22,500 ಕಟ್ಟಬೇಕು. ಉಳಿದ 67,500 ಡಿವಿಡೆಂಡ್ ಅವರಿಗೇ ಬಂತು ಎಂದುಕೊಂಡರೂ ಅದರ ಮೇಲೆ 13,500 ತೆರಿಗೆ, ಕೈಗೆ 54,000. ನಿಜಕ್ಕೂ ಅಷ್ಟೂ ಬರುವುದಿಲ್ಲ. ಡಿವಿಡೆಂಡ್ ಎಲ್ಲ ಷೇರುಗಳಿಗೂ ಹಂಚಬೇಕು, ಗೆಳತಿಯ ಪಾಲು ಅವರಿಗೆ ಹೋಗುತ್ತದೆ.

ಇಷ್ಟು ಕೇಳಿದ ಕೂಡಲೇ ಎಲ್ಲರೂ ಸಾಲ ಎಂದೇ ಬರೆಯುತ್ತೇವೆ ಎನ್ನುತ್ತೀರಿ. ಸ್ವಲ್ಪ ತಾಳಿ. ಮೊದಲ ಎರಡು ವರ್ಷ ಕಂಪನಿ ನಷ್ಟದಲ್ಲಿದ್ದರೆ ಬಡ್ಡಿಯನ್ನು ಖರ್ಚೆಂದು ತೋರಿಸಿ ಆಗಲೇ ಉಳಿಸುವ ತೆರಿಗೆಯೇ ಇರುವುದಿಲ್ಲ, ನಷ್ಟ ಮುಂದಕ್ಕೆ ಹೋಗುತ್ತದೆ ಅಷ್ಟೆ. ಆದರೆ ಬಡ್ಡಿಯನ್ನು ನಿಮ್ಮ ಖಾತೆಗೆ ಜಮಾ ಬರೆದರೆ ಸಾಕು, ದುಡ್ಡು ಕೈಗೆ ಕೊಡದಿದ್ದರೂ, ವರ್ಷಕ್ಕೆ 10,000 ದಾಟಿದರೆ ಕಂಪನಿ 10% ಟಿಡಿಎಸ್ ಕಟ್ಟಲೇಬೇಕು. ನಮ್ಮ ಉದಾಹರಣೆಯಲ್ಲಿ 9,000. ಬಟ್ಟೆ ಕೊಳ್ಳಲು ದುಡ್ಡಿಲ್ಲದ ಕಂಪನಿ ಸರ್ಕಾರಕ್ಕೆ 9,000 ಹೊಂದಿಸಬೇಕು. ಅದಕ್ಕೇ ಶುರುವಿನ ವರ್ಷಗಳಿಗೆ ಬಡ್ಡಿರಹಿತ, ಇಂಥ ದಿನಾಂಕದಿಂದ ಇಷ್ಟು ಬಡ್ಡಿ ಎಂದು ಒಪ್ಪಂದದಲ್ಲೇ ಬರೆಯುವುದು ನನಗೆ ಸರಿ ಕಾಣುತ್ತದೆ. ಬಾರದ ಬಡ್ಡಿಯನ್ನು ಬಂದಿದೆ ಎಂದು ಊಹಿಸಿ ನಿಮ್ಮ ಮೇಲೆ ತೆರಿಗೆ ಹಾಕುವುದಿಲ್ಲ. ಹಾಗೆಂದು 30% ಬಡ್ಡಿ ಬರೆದುಕೊಂಡರೆ ಮಾರುಕಟ್ಟೆ ದರಕ್ಕಿಂತ ಹೆಚ್ಚಿನದ್ದನ್ನು ಖರ್ಚೆಂದು ಒಪ್ಪದೇ ಇರುವ ಅಧಿಕಾರ ತೆರಿಗೆ ಅಧಿಕಾರಿಗಿದೆ.

ಮೂರು ವರ್ಷದ ನಂತರ ಮಗಳ ಕಾಲೇಜಿಗೆ 3 ಲಕ್ಷ ಬೇಕಾಯಿತು. ಸಾಲವಾಗಿದ್ದರೆ ಕಂಪನಿ ಬ್ಯಾಂಕಿನಿಂದ 3 ಲಕ್ಷ ವಾಪಸು ಕೊಡುತ್ತದೆ. ನಿಮ್ಮ ದುಡ್ಡು ನಿಮಗೆ ಬಂತು, ತೆರಿಗೆ ಇಲ್ಲ. ಷೇರಾಗಿದ್ದರೆ ಹಾಗೆ ತೆಗೆಯಲು ಬರುವುದಿಲ್ಲ. ಷೇರನ್ನು ಯಾರಿಗಾದರೂ ಮಾರಬೇಕು, ಇಲ್ಲವೇ ಕಂಪನಿಯೇ ನಿಯಮದ ಪ್ರಕಾರ ಮರಳಿ ಕೊಳ್ಳಬೇಕು, ಅದೂ ಇಲ್ಲದಿದ್ದರೆ ಬಂಡವಾಳ ಕಡಿತಕ್ಕೆ ಅಹಮದಾಬಾದ್‌ನ ಕಂಪನಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. 3 ಲಕ್ಷಕ್ಕೆ ಯಾರೂ ಅಷ್ಟು ಓಡಾಡುವುದಿಲ್ಲ.

ವಾಪಸು ತೆಗೆಯುವಾಗ ಒಂದು ಗೆರೆ ದಾಟಬಾರದು. ಕಂಪನಿ ನಿಮಗೆ 9 ಲಕ್ಷ ಕೊಡಬೇಕು, ನೀವು ಆಗೊಮ್ಮೆ ಈಗೊಮ್ಮೆ ತೆಗೆಯುತ್ತ 10 ಲಕ್ಷ ತೆಗೆದಿರಿ. ಈಗ ಕಂಪನಿಗೆ ನೀವೇ 1 ಲಕ್ಷ ಬಾಕಿ. ಕಂಪನಿ ಡೈರೆಕ್ಟರ್‌ಗೆ ಸಾಲ ಕೊಡುವುದಕ್ಕೆ ಕಂಪನಿ ಕಾಯ್ದೆಯ 185ನೇ ಸೆಕ್ಷನ್ ಅಡ್ಡ ಬರುತ್ತದೆ. ತೆರಿಗೆ ಕಾನೂನು ಇನ್ನೊಂದು ಕಡೆಯಿಂದ ಬರುತ್ತದೆ: 10% ಅಥವಾ ಹೆಚ್ಚು ಮತದ ಷೇರು ಇರುವವರಿಗೆ ಇಂಥ ಕಂಪನಿ ಸಾಲ ಕೊಟ್ಟರೆ, ಕೂಡಿಟ್ಟ ಲಾಭ ಎಷ್ಟಿದೆಯೋ ಅಲ್ಲಿಯವರೆಗೆ ಅದನ್ನು ಡಿವಿಡೆಂಡ್ ಎಂದೇ ಎಣಿಸುತ್ತದೆ. ನೀವು ಮುಂದಿನ ತಿಂಗಳು ಹಿಂತಿರುಗಿಸಿದರೂ ಎಣಿಸಿದ್ದು ಎಣಿಸಿದ್ದೇ. ಗುರುತಿಸುವುದು ಸುಲಭ. ಪ್ರತಿ ತಿಂಗಳ ಕೊನೆಗೆ ಡೈರೆಕ್ಟರ್ ಲೆಡ್ಜರ್ ತೆರೆದು ನೋಡಿ. ಬಾಕಿಯ ಮುಂದೆ `Cr` ಇರಬೇಕು. `Dr` ಕಂಡರೆ ಅವತ್ತೇ ಸಿಎಗೆ ಫೋನ್ ಮಾಡಿ.

ನಗದಿನ ವಿಷಯವೂ ಇದೆ. 20,000 ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ಹಳೆಯ ಬಾಕಿಯನ್ನೂ ಸೇರಿಸಿ ಎಣಿಸುತ್ತಾರೆ. ನಿಮ್ಮ 9 ಲಕ್ಷ ಬಾಕಿ ಇರುವಾಗ ಇನ್ನೊಂದು 5,000 ನಗದನ್ನು ಸಾಲವೆಂದು ಗಲ್ಲಾಪೆಟ್ಟಿಗೆಗೆ ಹಾಕಿದರೂ ನಿಯಮ ಮುರಿದಂತೆಯೇ. ದಂಡ ಅಷ್ಟೇ ಮೊತ್ತ, ಅಂದರೆ 5,000. ತೀರಿಸುವಾಗಲೂ ಬ್ಯಾಂಕ್ ಮೂಲಕವೇ ಆಗಬೇಕು.

ಬ್ಯಾಂಕ್ ಮೂಲಕ ಬಂದರೆ ಸಾಕೇ? ಒಂದು ಕಾಲಕ್ಕೆ ಬಹುಮಟ್ಟಿಗೆ ಸಾಕಾಗಿತ್ತು. ರೋಹಿಣಿ ಬಿಲ್ಡರ್ಸ್ ಮೊಕದ್ದಮೆಯಲ್ಲಿ ನಮ್ಮ ಗುಜರಾತ್ ಹೈಕೋರ್ಟ್, ಸಾಲ ಕೊಟ್ಟವರು ಯಾರೆಂದು ತೋರಿಸಿದರೆ, ದುಡ್ಡು ಅಕೌಂಟ್ ಪೇಯಿ ಚೆಕ್‌ನಲ್ಲಿ ಬಂದಿದ್ದರೆ, ಅವರಿಗೆ ಅದು ಎಲ್ಲಿಂದ ಬಂತು ಎಂದು ಸಾಲ ಪಡೆದವರು ಸಾಬೀತು ಮಾಡಬೇಕಿಲ್ಲ ಎಂದಿತು. ಆ ತೀರ್ಪನ್ನು ದೇಶದ ಬೇರೆ ಕಡೆಯ ವಕೀಲರೂ ಉಲ್ಲೇಖಿಸುತ್ತಾರೆ. ಆದರೆ 2022ರ ತಿದ್ದುಪಡಿಯ ನಂತರ ಸಾಲಕ್ಕೂ ಮೂಲದ ಮೂಲ ಹೇಳಬೇಕು. ಷೇರು ದುಡ್ಡಿಗೆ ಈ ನಿಯಮ ಇನ್ನೂ ಮೊದಲೇ ಬಂದಿತ್ತು. ಹಾಗಾಗಿ ಕಂಪನಿಗೆ ದುಡ್ಡು ಹಾಕುವ ಮೊದಲು ನಿಮ್ಮ ಸ್ವಂತ ಖಾತೆಗೆ ಅದು ಹೇಗೆ ಬಂತು ಎನ್ನುವ ಕಾಗದ ಇಟ್ಟುಕೊಳ್ಳಿ: ಎಫ್‌ಡಿ ಮುರಿದ ಸ್ಲಿಪ್, ಸಂಬಳದ ಸ್ಟೇಟ್‌ಮೆಂಟ್, ಬಳೆ ಮಾರಿದ ಅಂಗಡಿಯ ಬಿಲ್ಲು. ವಿವರಣೆ ಸಿಗದ ದುಡ್ಡನ್ನು ಕಂಪನಿಯ ಆದಾಯವೆಂದೇ ಹಿಡಿದು ಮಾಮೂಲಿಗಿಂತ ಹೆಚ್ಚಿನ ದರದಲ್ಲಿ ತೆರಿಗೆ ಹಾಕುತ್ತಾರೆ.

ಕಂಪನಿ ಮುಚ್ಚಿದರೆ? ಅಪಶಕುನವಾದರೂ ಹೇಳಬೇಕು. ಷೇರು ಮುಳುಗಿದರೆ ಅದು ಬಂಡವಾಳ ನಷ್ಟ. ಮುಂದಿನ ಎಂಟು ವರ್ಷದೊಳಗೆ ನಿವೇಶನವನ್ನೋ ಚಿನ್ನವನ್ನೋ ಮಾರಿ ಲಾಭ ಬಂದರೆ ಅದರಲ್ಲಿ ವಜಾ ಮಾಡಿಕೊಳ್ಳುವ ದಾರಿ ಇದೆ. ಸಾಲಕ್ಕೆ ಕಂಪನಿಯ ಆಸ್ತಿ ಹಂಚುವಾಗ ಷೇರಿಗಿಂತ ಮೊದಲ ಸರದಿ ಸಿಗುತ್ತದೆ. ಆದರೆ ಏನೂ ಉಳಿಯದೆ ಸಾಲ ಮುಳುಗಿದರೆ, ಸಾಲ ಕೊಡುವುದೇ ನಿಮ್ಮ ವೃತ್ತಿಯಲ್ಲವಾದ್ದರಿಂದ, ಬಾರದ ಸಾಲ ಎಂದು ಸಂಬಳದ ಆದಾಯದಲ್ಲಿ ಕಳೆಯಲು ಬಿಡುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ತೆರಿಗೆಯಲ್ಲ, ಪಾಲು. ನಮ್ಮ ಸೂರತ್ ಉದಾಹರಣೆಯಲ್ಲಿ ಒಟ್ಟು 10 ಲಕ್ಷದಲ್ಲಿ ಒಬ್ಬರು ಹಾಕಿದ್ದು ಒಂಬತ್ತೂವರೆ ಲಕ್ಷ, ಇನ್ನೊಬ್ಬರು 50,000. ಕಂಪನಿ ಮಾತ್ರ ಅರ್ಧ ಅರ್ಧ. ಹಾಗೇ ಇರಲಿ ಎಂದು ಇಬ್ಬರೂ ತಿಳಿದು ಮಾಡಿಕೊಂಡಿದ್ದರೆ ತೊಂದರೆಯಿಲ್ಲ. "ಆಮೇಲೆ ಸಾಲವನ್ನು ಷೇರು ಮಾಡಿಕೊಂಡರಾಯಿತು" ಎಂದುಕೊಂಡಿದ್ದರೆ, ಆ ಹಕ್ಕನ್ನು ಸಾಲದ ಷರತ್ತಿನಲ್ಲೇ ಸೇರಿಸಿ, ಸಾಲ ಪಡೆಯುವ ಮೊದಲೇ ಷೇರುದಾರರ ವಿಶೇಷ ನಿರ್ಣಯ ಮಾಡಿಸಿರಬೇಕು. ಆಮೇಲೆ ಮಾಡಲು ಹೊರಟರೆ ಹೊಸ ಷೇರು ಹಂಚಿಕೆಯ ವಿಧಿಗಳು, ಮೌಲ್ಯಮಾಪನ, ಗೆಳತಿಯ ಒಪ್ಪಿಗೆ ಎಲ್ಲ ಬೇಕು. ಕಂಪನಿ ಚೆನ್ನಾಗಿ ನಡೆಯತೊಡಗಿದ ಮೇಲೆ ಆ ಒಪ್ಪಿಗೆ ಕೇಳುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು.

ಬ್ಯಾಂಕ್ ಸಾಲಕ್ಕೆ ಹೋದಾಗಲೂ ಒಂದು ಸಂಗತಿ ಎದುರಾಗುತ್ತದೆ. ಮಾಲೀಕರ ಸಾಲವನ್ನು ಬಂಡವಾಳದ ಹಾಗೆ ಎಣಿಸಲು ಬ್ಯಾಂಕಿನವರು ಸಾಮಾನ್ಯವಾಗಿ, ನಮ್ಮ ಸಾಲ ತೀರುವವರೆಗೆ ನಿಮ್ಮದನ್ನು ತೆಗೆಯುವುದಿಲ್ಲ ಎಂದು ಬರೆಸಿಕೊಳ್ಳುತ್ತಾರೆ. ಅಂಥ ಪತ್ರಕ್ಕೆ ಸಹಿ ಹಾಕಿದ ಮೇಲೆ ಮಗಳ ಕಾಲೇಜಿಗೆ ತೆಗೆಯುವ ಮಾತು ಮುಗಿಯಿತು.

ಮಾತು ಮುಗಿದ ಮೇಲೆ ವಡೋದರಾದ ಅಕ್ಕ ಒಬ್ಬರು ಕೇಳಿದರು: "ಎರಡು ವರ್ಷದಿಂದ ಒಂದೂ ಕಾಗದ ಮಾಡದೆ ದುಡ್ಡು ಹಾಕಿದ್ದೇನೆ, ಈಗೇನು ಮಾಡಲಿ?" ಹಿಂದಿನ ದಿನಾಂಕ ಹಾಕಿ ಕಾಗದ ಸೃಷ್ಟಿಸಬೇಡಿ ಎಂದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಎಂದು, ಎಷ್ಟು, ಯಾವ ಮೂಲದಿಂದ ಎಂದು ಒಂದು ಪಟ್ಟಿ ಮಾಡಿ. ಇಂದಿನ ದಿನಾಂಕದಲ್ಲೇ ಬೋರ್ಡ್ ಅದನ್ನು ದಾಖಲಿಸಿಕೊಳ್ಳಲಿ, ಘೋಷಣಾ ಪತ್ರ ಕೊಡಿ, ಬಿಟ್ಟುಹೋದ `DPT-3`ಗಳನ್ನು ಹೆಚ್ಚುವರಿ ಶುಲ್ಕ ಕಟ್ಟಿ ಸಲ್ಲಿಸಿ. ಪಟ್ಟಿಯಲ್ಲಿ ಗೋಲ್ಡ್ ಲೋನ್ ದುಡ್ಡು ಕಂಡರೆ ಅದನ್ನು ಬೇರೆ ತೆಗೆದಿಟ್ಟು, ಮೊದಲು ತೀರಿಸಬೇಕೋ ಷೇರಿಗೆ ತಿರುಗಿಸಬೇಕೋ ಎಂದು ಸಿಎ ಜೊತೆ ಕೂತು ತೀರ್ಮಾನಿಸಿ. ಅವರು ಪಟ್ಟಿ ಬರೆಯಲು ಅಲ್ಲೇ ಪೆನ್ ಕೇಳಿದರು.